ಅಣ್ಣನಿಗೆ ಸೈಟು, ನನಗೆ ಒಡವೆ: 18 ವರ್ಷದಲ್ಲಿ ಯಾವುದು ಎಷ್ಟು ಬೆಳೆಯಿತು? ಲೆಕ್ಕ ಸರಿ ಇದೆಯಾ ನೋಡಿ

ಮಲೆನಾಡ ಮಗಳು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಮಾತು ಬಂದಿದೆ. ಜಗಳ ಅಲ್ಲ, ಆದರೆ ನನಗೆ ಲೆಕ್ಕ ಗೊತ್ತಾಗಬೇಕು.

2006ರ ಡಿಸೆಂಬರ್‌ನಲ್ಲಿ ಅಪ್ಪ ಅಡಿಕೆ ಮಾರಿದ ದುಡ್ಡನ್ನು ಎರಡು ಪಾಲು ಮಾಡಿದರು. ಅಣ್ಣನ ಹೆಸರಿಗೆ ಊರ ಹೊರಗಿನ ಬಡಾವಣೆಯಲ್ಲಿ 30×40 ಸೈಟು, 1 ಲಕ್ಷದ 80 ಸಾವಿರಕ್ಕೆ. ನನ್ನ ಮದುವೆಗೆ ಅಂತ 200 ಗ್ರಾಂ ಒಡವೆ. ಆ ಬಿಲ್ ಅಮ್ಮ ಇನ್ನೂ ಇಟ್ಟಿದ್ದಾರೆ: 22 ಕ್ಯಾರೆಟ್, ಗ್ರಾಂಗೆ 835 ರೂಪಾಯಿ.

ಅಣ್ಣ ಆ ಸೈಟನ್ನು 2024ರ ಡಿಸೆಂಬರ್‌ನಲ್ಲಿ 18 ಲಕ್ಷಕ್ಕೆ ಮಾರಿದ. "ಹತ್ತು ಪಟ್ಟು ಆಯ್ತು. ಅಂದ್ರೆ 900 ಪರ್ಸೆಂಟ್ ಲಾಭ. 18 ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ 50 ಪರ್ಸೆಂಟ್. ನಿನ್ನ ಚಿನ್ನ ಎಲ್ಲಿ ಹಾಗೆ ಬೆಳೆಯುತ್ತೆ?" ಅಂತಾನೆ. ಅವನು ಮಾರಿದ ದಿನ ನಮ್ಮೂರಲ್ಲಿ 22 ಕ್ಯಾರೆಟ್ ಗ್ರಾಂಗೆ 7,100 ರೂಪಾಯಿ ಇತ್ತು. ಅದೂ ಎಂಟೂವರೆ ಪಟ್ಟು ಆಯ್ತು, ಅಲ್ವಾ? ವರ್ಷಕ್ಕೆ 50 ಅನ್ನೋದು ನನಗೆ ಯಾಕೋ ಸರಿ ಕಾಣುತ್ತಿಲ್ಲ. ಸರಿಯಾಗಿ ಲೆಕ್ಕ ಹಾಕುವುದು ಹೇಗೆ?

ಸೀನಣ್ಣ ದಾವಣಗೆರೆ

ತಂಗಿ, 50 ಅಲ್ಲವೇ ಅಲ್ಲ. ನಮ್ಮ ಹಳೇ ಲೆಕ್ಕ 72. ಎಷ್ಟು ವರ್ಷಕ್ಕೆ ದುಡ್ಡು ಡಬಲ್ ಆಗುತ್ತೋ ಅದರಿಂದ 72ನ್ನು ಭಾಗಿಸಬೇಕು. ಹತ್ತು ಪಟ್ಟು ಅಂದರೆ ಮೂರು ಸಲ ಡಬಲ್ ಆಗಿ (2, 4, 8) ಇನ್ನೂ ಚೂರು. 18 ವರ್ಷದಲ್ಲಿ ಮೂರು ಸಲ ಅಂದರೆ ಆರು ವರ್ಷಕ್ಕೊಂದು ಸಲ. 72 ಭಾಗಿಸು 6, ಉತ್ತರ 12. ಆ ಚೂರು ಸೇರಿಸಿದರೆ 13 ಇಟ್ಟುಕೊಳ್ಳಿ. ಪೇಪರ್ ಪೆನ್ನು ಏನೂ ಬೇಡ.

ಚಿನ್ನ ಎಂಟೂವರೆ ಪಟ್ಟು. ಅದಕ್ಕೂ 12ರ ಮೇಲೆ ಚೂರು. ಇಬ್ಬರದೂ ಒಂದೇ. ಸುಮ್ನೆ ಕಾಫಿ ಕುಡಿದು ಮಾತು ಮುಗಿಸಿ.

ನಿವೃತ್ತ ಮೇಷ್ಟ್ರು ತಿಪಟೂರು

ಸೀನಣ್ಣನವರ ಬಾಯಿಲೆಕ್ಕ ಚೆನ್ನಾಗಿದೆ. ಸರಿಯಾದ ಉತ್ತರಕ್ಕೆ ತುಂಬ ಹತ್ತಿರ ಬಂದಿದೆ. ಆದರೆ ಅಣ್ಣ ಹೇಳಿದ 50 ಯಾಕೆ ತಪ್ಪು ಅನ್ನುವುದನ್ನು ಅವರಿಗೇ ತೋರಿಸಬೇಕು. ಇಲ್ಲದಿದ್ದರೆ ನೀವು 13 ಅಂದರೆ ಅವರು ನಂಬುವುದಿಲ್ಲ.

ಹೀಗೆ ಮಾಡಿ. ವರ್ಷಕ್ಕೆ 50 ಪರ್ಸೆಂಟ್ ಅಂದರೆ ಪ್ರತಿ ವರ್ಷ ಬೆಲೆ ಒಂದೂವರೆ ಪಟ್ಟು. 1.80 ಲಕ್ಷ ಮೊದಲ ವರ್ಷಕ್ಕೆ 2.70 ಲಕ್ಷ. ಎರಡನೇ ವರ್ಷಕ್ಕೆ 4.05 ಲಕ್ಷ. ಮೂರಕ್ಕೆ 6 ಲಕ್ಷ ದಾಟಿತು. ಹೀಗೇ 18 ಸಲ ಹೆಚ್ಚಿಸುತ್ತಾ ಹೋದರೆ ಸುಮಾರು 26 ಕೋಟಿ 60 ಲಕ್ಷ ಬರುತ್ತದೆ. ಅಣ್ಣನ ಕೈಗೆ ಬಂದದ್ದು 18 ಲಕ್ಷ. ಅಂದಮೇಲೆ ದರ 50 ಇರಲು ಸಾಧ್ಯವಿಲ್ಲ.

ತಪ್ಪು ಎಲ್ಲಿದೆ ಅಂದರೆ, ಅವರು ಹತ್ತು ಪಟ್ಟನ್ನು 18 ಸಮ ತುಂಡು ಮಾಡಿದರು. ಬೆಳವಣಿಗೆ ಹಾಗೆ ಕೂಡುವುದಿಲ್ಲ, ಗುಣಿಸುತ್ತದೆ. ಕೊನೆಯ ವರ್ಷದ ಏರಿಕೆ ಬಂದದ್ದು 1.80 ಲಕ್ಷದ ಮೇಲಲ್ಲ, 15–16 ಲಕ್ಷದ ಮೇಲೆ. ಹಾಗಾಗಿ ನಾವು ಹುಡುಕಬೇಕಾದ್ದು ಯಾವ ಸಂಖ್ಯೆಯನ್ನು 18 ಸಲ ಗುಣಿಸಿದರೆ 10 ಬರುತ್ತದೆ ಅಂತ. ಭಾಗಾಕಾರ ಸಾಲದು, ಹತ್ತರ ಹದಿನೆಂಟನೇ ಮೂಲ ಬೇಕು. ಫೋನಿನ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಘಾತದ ಬಟನ್ ಬರುತ್ತದೆ. ಎಕ್ಸೆಲ್ ಇದ್ದರೆ ಹೀಗೆ ಟೈಪ್ ಮಾಡಿ:

```
=(1800000/180000)^(1/18)-1
=(7100/835)^(1/18)-1
```

ಮೊದಲನೆಯದು 13.65 ಪರ್ಸೆಂಟ್, ಎರಡನೆಯದು 12.63 ಪರ್ಸೆಂಟ್. ಸಿಎಜಿಆರ್ ಅಂತ ಎಲ್ಲರೂ ಹೇಳುವುದು ಇದನ್ನೇ.

ಇನ್ನೊಂದು ಮಾತು. 2006, 2007 ಅಂತ ಬೆರಳಿನಲ್ಲಿ ಎಣಿಸುತ್ತಾ 2024ಕ್ಕೆ ಬಂದರೆ 19 ಬರುತ್ತದೆ. ನನ್ನ ಹುಡುಗರು ಯಾವಾಗಲೂ ಇಲ್ಲಿ ಎಡವುತ್ತಿದ್ದರು. ಡಿಸೆಂಬರ್‌ನಿಂದ ಡಿಸೆಂಬರ್‌ಗೆ ದಾಟಿದ್ದು 18 ವರ್ಷ. 19 ಹಾಕಿದರೆ ಸೈಟಿನ ದರ 12.9ಕ್ಕೆ ಇಳಿದುಬಿಡುತ್ತದೆ.

ಗೌಡ್ರ ತೋಟ

ಅಕ್ಕ, ಇಷ್ಟೆಲ್ಲ ಲೆಕ್ಕ ಯಾಕೆ? ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ಆಗಿದೆ. ಒಳ್ಳೆ ವಕೀಲರನ್ನು ನೋಡಿ, ಸೈಟಿನಲ್ಲಿ ಅರ್ಧ ಕೇಳಿ.

ಮಲೆನಾಡ ಮಗಳು

ಗೌಡ್ರೇ, ಪಾಲು ಕೇಳುವ ಪ್ರಶ್ನೆಯೇ ಇಲ್ಲ. ಅದು ಅಪ್ಪ ಸ್ವಂತ ದುಡಿದ ದುಡ್ಡು, ಅವರೇ ಇಬ್ಬರಿಗೂ ಹಂಚಿದ್ದು. ಅಣ್ಣನೂ ನಾನೂ ಚೆನ್ನಾಗಿದ್ದೇವೆ. ಈಗ ಅಣ್ಣನ ಮಗಳಿಗೆ ಏನು ತೆಗೆದಿಡಬೇಕು ಅಂತ ಮಾತು ಬಂದಾಗ ಈ ವಿಷಯ ಎದ್ದದ್ದು. ಅವನಿಗೆ ಸೈಟೇ ಆಗಬೇಕು, ಅತ್ತಿಗೆಗೆ ಚಿನ್ನ. ಅದಕ್ಕೇ ಸರಿಯಾದ ದರ ಬೇಕಿತ್ತು.

ಮೇಷ್ಟ್ರೇ, 26 ಕೋಟಿ ಲೆಕ್ಕ ಅಣ್ಣನಿಗೆ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು "ಸರಿ, 13.65. ಆದರೂ ಸೈಟೇ ಮುಂದೆ" ಅಂದ.

ಅಕ್ಕಸಾಲಿ ಮನೆ ಹುಡುಗ

ಅಕ್ಕ, ಸ್ವಲ್ಪ ತಡೀರಿ. ನಮ್ಮದು ಮೂರು ತಲೆಮಾರಿನ ಚಿನ್ನದ ಕೆಲಸ. ಮೇಷ್ಟ್ರ ಗಣಿತ ಸರಿ. ಆದರೆ ಒಳಗೆ ಹಾಕಿದ ಎರಡು ಬೆಲೆಗಳೂ ನಿಮ್ಮ ಒಡವೆಯ ಬೆಲೆ ಅಲ್ಲ. 835, 7,100 ಎರಡೂ ಬೋರ್ಡಿನ ಮೇಲೆ ಬರೆದ ದರ. ನಿಮ್ಮ ಅಪ್ಪ ಕೊಟ್ಟದ್ದು ಬಿಲ್ಲಿನ ಕೊನೇ ಸಾಲಿನ ಮೊತ್ತ. ನೀವು ಮಾರಿದರೆ ಕೈಗೆ ಬರುವುದು ಅಂಗಡಿಯವರು ಕಾಟಾ ಹಾಕಿ, ಟಚ್ ನೋಡಿ ಕೊಡುವ ಮೊತ್ತ. ಲೆಕ್ಕ ಆ ಎರಡರ ನಡುವೆ ಆಗಬೇಕು.

ಬಿಲ್ಲಿನ ಕೊನೇ ಸಾಲಿನಲ್ಲಿ ಏನಿದೆ ಹೇಳಿ. ಮತ್ತೆ ಒಡವೆಯಲ್ಲಿ ಕಲ್ಲು, ಅರಗು ಇದೆಯಾ? ಹಾಲ್‌ಮಾರ್ಕ್ ಮುದ್ರೆ ಇದೆಯಾ? 2006ರಲ್ಲಿ ಅದು ಕಡ್ಡಾಯ ಇರಲಿಲ್ಲ. ಕಡ್ಡಾಯ ಆಗಿದ್ದು 2021ರ ಜೂನ್‌ನಿಂದ, ಅದೂ ಜಿಲ್ಲೆ ಜಿಲ್ಲೆಯಾಗಿ.

ಮಲೆನಾಡ ಮಗಳು

ಬಿಲ್ ತೆಗೆದು ನೋಡಿದೆ. ಚಿನ್ನ 1,67,000. ವೇಸ್ಟೇಜು, ಮಜೂರಿ ಸೇರಿ 14 ಪರ್ಸೆಂಟ್, ಅಂದರೆ 23,380. ಅದರ ಮೇಲೆ ವ್ಯಾಟ್ 1 ಪರ್ಸೆಂಟ್. ಒಟ್ಟು 1,92,284. ಹಾಲ್‌ಮಾರ್ಕ್ ಇಲ್ಲ. ಕಾಸಿನ ಸರದಲ್ಲಿ ಕೆಂಪು ಕಲ್ಲಿದೆ, ಜುಮಕಿ ಒಳಗೆ ಅರಗು ಇದೆ.

ಮಾರುವ ಮನಸ್ಸಿಲ್ಲ. ಆದರೆ ಅಣ್ಣ ಸೈಟು ಮಾರಿದ ವಾರವೇ ಕುತೂಹಲಕ್ಕೆ ಒಂದು ಅಂಗಡಿಯಲ್ಲಿ ಕೇಳಿದ್ದೆ. ಅವರು ಚೀಟಿ ಬರೆದುಕೊಟ್ಟಿದ್ದರು. ಅದು ಅರ್ಥ ಆಗದೆ ಹಾಗೇ ಪರ್ಸಿನಲ್ಲಿ ಇಟ್ಟಿದ್ದೆ. ಚೀಟಿಯಲ್ಲಿ ಹೀಗಿದೆ: ನೆಟ್ 194, ಟಚ್ 88, ದರ 7,745, ಕಳೆ 2%.

ಅಕ್ಕಸಾಲಿ ಮನೆ ಹುಡುಗ

ಆ ಚೀಟಿಯಲ್ಲೇ ಎಲ್ಲ ಇದೆ ಅಕ್ಕ. ಒಂದೊಂದಾಗಿ ನೋಡೋಣ.

ನೆಟ್ 194 ಅಂದರೆ ಕಲ್ಲು, ಅರಗು ಕಳೆದ ತೂಕ. 6 ಗ್ರಾಂ ಹೋಯಿತು. ಕೊಳ್ಳುವಾಗ ಆ 6 ಗ್ರಾಂಗೂ ಚಿನ್ನದ ದರವನ್ನೇ ಕೊಟ್ಟಿದ್ದೀರಿ. ಆ ಕಾಲದಲ್ಲಿ ತುಂಬ ಕಡೆ ಹಾಗೇ ನಡೆಯುತ್ತಿತ್ತು.

ಟಚ್ 88 ಅಂದರೆ ನೂರು ಪಾಲಿನಲ್ಲಿ 88 ಪಾಲು ಶುದ್ಧ ಚಿನ್ನ. ನಿಜವಾದ 22 ಕ್ಯಾರೆಟ್ ಆಗಿದ್ದರೆ 91.6 ಬರಬೇಕಿತ್ತು. ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಯಲ್ಲಿ ಇದು ಸಾಮಾನ್ಯ. ಬೆಸುಗೆ ಜಾಸ್ತಿ ಇರುವ ಸರಗಳಲ್ಲಂತೂ ಇನ್ನೂ ಕೆಳಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಬೆಸುಗೆಗೆ ಹಾಕುವ ಚಿನ್ನದಲ್ಲಿ ಬೇರೆ ಲೋಹ ಹೆಚ್ಚು ಬೆರೆಸುತ್ತಾರೆ. ಇಲ್ಲದಿದ್ದರೆ ಅದು ಒಡವೆಗಿಂತ ಮೊದಲು ಕರಗುವುದಿಲ್ಲ.

ದರ 7,745 ಅನ್ನುವುದು ಆ ದಿನದ 24 ಕ್ಯಾರೆಟ್ ದರ. ಹಾಗಾಗಿ 194 ಗ್ರಾಂನಲ್ಲಿ 88 ಪಾಲು ಅಂದರೆ 170.72 ಗ್ರಾಂ ಶುದ್ಧ ಚಿನ್ನ. ಅದನ್ನು 7,745ರಿಂದ ಗುಣಿಸಿದರೆ ಸುಮಾರು 13.22 ಲಕ್ಷ. ಕರಗಿಸುವ ಕಳೆ ಅಂತ 2 ಪರ್ಸೆಂಟ್ ತೆಗೆದರೆ 12.96 ಲಕ್ಷ. ಬೋರ್ಡ್ ದರದಲ್ಲಿ 200 ಗ್ರಾಂಗೆ 14.20 ಲಕ್ಷ ಆಗುತ್ತಿತ್ತು.

ಮೇಷ್ಟ್ರೇ, 1,92,284 ಮತ್ತು 12,96,000 ಇಟ್ಟು ದರ ಹೇಳಿ.

ನಿವೃತ್ತ ಮೇಷ್ಟ್ರು ತಿಪಟೂರು

11.2 ಪರ್ಸೆಂಟ್. 12.63 ಅಂದುಕೊಂಡದ್ದು ಇಷ್ಟಕ್ಕೆ ಇಳಿಯಿತು.

ಇದನ್ನು ನೋಡಿ "ಒಂದೂವರೆ ಪರ್ಸೆಂಟ್ ತಾನೇ" ಅನ್ನಬೇಡಿ. 18 ವರ್ಷದ ಕೊನೆಗೆ ಅದು ಎಂಟೂವರೆ ಪಟ್ಟಿಗೂ ಆರೂಮುಕ್ಕಾಲು ಪಟ್ಟಿಗೂ ಇರುವ ವ್ಯತ್ಯಾಸ. ಮಜೂರಿ, ಕಲ್ಲು, ಟಚ್ ಎಲ್ಲ ಒಂದೇ ಸಲ ಆಗುವ ನಷ್ಟ. ಹಿಡಿದಿಟ್ಟ ವರ್ಷ ಹೆಚ್ಚಾದಷ್ಟೂ ವಾರ್ಷಿಕ ದರದಲ್ಲಿ ಅದು ಕಡಿಮೆ ಕಾಣುತ್ತದೆ. ಇದೇ ಒಡವೆಯನ್ನು ಮೂರು ವರ್ಷಕ್ಕೆ ಮಾರಿದ್ದರೆ ವರ್ಷಕ್ಕೆ ಎಂಟು ಪರ್ಸೆಂಟಿನಷ್ಟು ಇದೇ ತಿಂದುಬಿಡುತ್ತಿತ್ತು.

ಈಗ ನ್ಯಾಯವಾಗಿ ಸೈಟನ್ನೂ ಹೀಗೇ ನೋಡಬೇಕು. 1.80 ಲಕ್ಷ ಅನ್ನುವುದು ಸೈಟಿನ ಬೆಲೆ. ಸ್ಟ್ಯಾಂಪು, ರಿಜಿಸ್ಟ್ರೇಷನ್, ಪತ್ರ ಬರೆದವರ ಫೀಸು ಎಷ್ಟಾಯಿತು? ಮಾರುವಾಗ ಬ್ರೋಕರ್‌ಗೆ ಎಷ್ಟು ಕೊಟ್ಟರು? ನಡುವೆ ಖಾತೆಗೆ, ಬೇಲಿಗೆ ಖರ್ಚು ಮಾಡಿದರೇ? ಅಣ್ಣನನ್ನು ಕೇಳಿ.

ಮೀನಾಕ್ಷಿ ಹಾಸನ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಮೇಷ್ಟ್ರು ಹೇಳಿದ್ದು ಓದಿ ನನ್ನ ಸೈಟಿನ ಲೆಕ್ಕ ತಪ್ಪಿದೆ ಅನ್ನಿಸುತ್ತಿದೆ.

ನನ್ನದು 1,200 ಚದರಡಿ, 2012ರಲ್ಲಿ ತಗೊಂಡದ್ದು. ಆಗಿನ ಮಾರ್ಗಸೂಚಿ ದರದಲ್ಲಿ 6 ಲಕ್ಷ. 2024ರಲ್ಲಿ ಬ್ರೋಕರ್ 30 ಲಕ್ಷಕ್ಕೆ ಹೋಗುತ್ತೆ ಅಂದರು. ಐದು ಪಟ್ಟು, 12 ವರ್ಷ, 14.4 ಪರ್ಸೆಂಟ್ ಅಂತ ನಮ್ಮ ಯಜಮಾನರು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಆದರೆ ನಾವು ನಿಜವಾಗಿ ಕೊಟ್ಟದ್ದು 10.80 ಲಕ್ಷ.

ನಿವೃತ್ತ ಮೇಷ್ಟ್ರು ತಿಪಟೂರು

ಅಮ್ಮಾ, ಹಾಗಾದರೆ 14.4 ಅಲ್ಲ, 8.9. ಶುರುವಿನ ಬೆಲೆಯನ್ನು ಒಂದು ಸೇರಿನಲ್ಲೂ ಕೊನೆಯ ಬೆಲೆಯನ್ನು ಇನ್ನೊಂದು ಸೇರಿನಲ್ಲೂ ಅಳೆದಿದ್ದೀರಿ. ಜಮೀನಿನ ವಿಷಯದಲ್ಲಿ ನಾನು ಹೆಚ್ಚಾಗಿ ನೋಡುವ ತಪ್ಪು ಇದೇ. ಮಾರ್ಗಸೂಚಿ ದರ ಸರ್ಕಾರ ನೋಂದಣಿಗೆ ಇಟ್ಟದ್ದು, ಅದು ಪೇಟೆ ಬೆಲೆಗಿಂತ ಹಿಂದೆಯೇ ಇರುತ್ತದೆ. ಎರಡೂ ಕಡೆ ಮಾರ್ಗಸೂಚಿ ದರ ಹಾಕಿ, ಇಲ್ಲ ಎರಡೂ ಕಡೆ ಕೈ ಬದಲಾದ ದುಡ್ಡು ಹಾಕಿ.

ಆ 30 ಲಕ್ಷ ಕೂಡ ಇನ್ನೂ ಬಾಯಿಮಾತು. ಚಿನ್ನಕ್ಕೆ ದಿನಾ ದರ ಇದೆ. ಸೈಟಿಗೆ ಯಾರಾದರೂ ಅಡ್ವಾನ್ಸ್ ಕೊಡುವವರೆಗೆ ದರ ಇಲ್ಲ. ಪಕ್ಕದ ಬೀದಿಯಲ್ಲಿ ಕಳೆದ ಆರು ತಿಂಗಳಲ್ಲಿ ರಿಜಿಸ್ಟರ್ ಆದ ಎರಡು ಮೂರು ಸೈಟುಗಳ ಬೆಲೆ ವಿಚಾರಿಸಿ, ಅದರಲ್ಲಿ ಕಡಿಮೆಯದನ್ನು ಹಿಡಿಯಿರಿ.

ಮೀನಾಕ್ಷಿ ಹಾಸನ

8.9! ಯಜಮಾನರಿಗೆ ರಾತ್ರಿ ಊಟ ಆದಮೇಲೆ ಹೇಳುತ್ತೇನೆ.

ಸೀನಣ್ಣ ದಾವಣಗೆರೆ

ಕಲ್ಲು, ಅರಗು, ಬ್ರೋಕರ್ ಯಾವ ತಲೆನೋವೂ ಇಲ್ಲದ್ದು ನನ್ನ ಹತ್ತಿರ ಇತ್ತು. ಸಾವರಿನ್ ಗೋಲ್ಡ್ ಬಾಂಡ್, 2015ರ ನವೆಂಬರ್‌ನಲ್ಲಿ ಬಂದ ಮೊಟ್ಟಮೊದಲ ಕಂತು. ಗ್ರಾಂಗೆ 2,684 ಕೊಟ್ಟೆ. ಎಂಟು ವರ್ಷಕ್ಕೆ ಸರಿಯಾಗಿ 2023ರ ನವೆಂಬರ್ 30ಕ್ಕೆ ಗ್ರಾಂಗೆ 6,132 ಖಾತೆಗೆ ಬಂತು. ಲೆಕ್ಕ ಹಾಕಿದರೆ 10.9 ಪರ್ಸೆಂಟ್. ಅದರ ಮೇಲೆ ವರ್ಷಾ ವರ್ಷಾ 2.75 ಪರ್ಸೆಂಟ್ ಬಡ್ಡಿ ಬೇರೆ. ಕೂಡಿಸಿದರೆ 13.6. ನಿಮ್ಮ ಸೈಟೂ ಇಷ್ಟೇ, ಒಡವೆಗಿಂತ ಎಷ್ಟೋ ಮೇಲು.

ನಿವೃತ್ತ ಮೇಷ್ಟ್ರು ತಿಪಟೂರು

ಸೀನಣ್ಣ, 10.9 ಸರಿ. ಎರಡೂ ಬೆಲೆ ಬರವಣಿಗೆಯಲ್ಲಿ ಇರುವುದರಿಂದ ಅದರಲ್ಲಿ ಅನುಮಾನವೇ ಇಲ್ಲ. ಕೂಡಿಸಿದ್ದು ಮಾತ್ರ ಸರಿಯಲ್ಲ.

ಆ 2.75 ಬಡ್ಡಿ ಬಂದದ್ದು ನೀವು ಕೊಟ್ಟ 2,684ರ ಮೇಲೆ, ಬೆಳೆದ ಬೆಲೆಯ ಮೇಲೆ ಅಲ್ಲ. ಗ್ರಾಂಗೆ ವರ್ಷಕ್ಕೆ ಸುಮಾರು 74 ರೂಪಾಯಿ, ಎಂಟು ವರ್ಷವೂ ಅಷ್ಟೇ. ಮೊದಲ ವರ್ಷ ಅದು 2.75 ಪರ್ಸೆಂಟ್ ಹೌದು. ಕೊನೆಗೆ ಬಾಂಡಿನ ಬೆಲೆ 6,000 ಆಗಿರುವಾಗ ಅದೇ 74 ರೂಪಾಯಿ ಒಂದೂಕಾಲು ಪರ್ಸೆಂಟೂ ಇಲ್ಲ. ದಿನಾಂಕ ಹಾಕಿ ಸರಿಯಾಗಿ ಲೆಕ್ಕ ಮಾಡಿದರೆ ಒಟ್ಟು 13ರ ಹತ್ತಿರ ಬರುತ್ತದೆ.

ಸೀನಣ್ಣ ದಾವಣಗೆರೆ

ಒಪ್ಪಿದೆ ಮೇಷ್ಟ್ರೇ. ಬಡ್ಡಿ ಖಾತೆಗೆ ಬಂದಾಗ ಮೊತ್ತ ಪ್ರತಿ ಸಲ ಒಂದೇ ಇತ್ತು. ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮಲೆನಾಡ ಮಗಳು

ಅಣ್ಣ ಹಳೇ ಫೈಲ್ ತೆಗೆದ. 2006ರಲ್ಲಿ ಸ್ಟ್ಯಾಂಪು, ರಿಜಿಸ್ಟ್ರೇಷನ್, ಫೀಸು ಎಲ್ಲ ಸೇರಿ 20 ಸಾವಿರ. ಮಾರುವಾಗ ಬ್ರೋಕರ್‌ಗೆ 2 ಪರ್ಸೆಂಟ್, 36 ಸಾವಿರ. ಇದರ ಜೊತೆಗೆ 2015ರಲ್ಲಿ ಬಡಾವಣೆ ಅಭಿವೃದ್ಧಿ ಶುಲ್ಕ, ಖಾತೆ ಮತ್ತೆ ಕಾಂಪೌಂಡಿಗೆ ಅಂತ 90 ಸಾವಿರ ಹಾಕಿದ್ದಾನೆ. ಅದು ಅವನಿಗೆ ಮರೆತೇ ಹೋಗಿತ್ತು.

ನಾನೇ ಲೆಕ್ಕ ಹಾಕಿ ನೋಡಿದೆ. ಶುರು 2 ಲಕ್ಷ, ಕೊನೆ 17.64 ಲಕ್ಷ ಅಂದರೆ 12.9 ಬರುತ್ತೆ. 90 ಸಾವಿರವನ್ನು ಶುರುವಿಗೆ ಸೇರಿಸಿ 2.90 ಲಕ್ಷ ಅಂದರೆ 10.6ಕ್ಕೆ ಇಳಿಯುತ್ತೆ. ಯಾವುದು ಸರಿ?

ನಿವೃತ್ತ ಮೇಷ್ಟ್ರು ತಿಪಟೂರು

ಎರಡೂ ಅಲ್ಲ. ನಿಜ ಇವೆರಡರ ನಡುವೆ ಇದೆ.

90 ಸಾವಿರವನ್ನು ಬಿಟ್ಟರೆ ಅದು ಬಿಟ್ಟಿ ಬಂದ ಹಾಗೆ. ಶುರುವಿಗೆ ಸೇರಿಸಿದರೆ 2006ರಿಂದಲೇ ಆ ದುಡ್ಡು ಸೈಟಿನಲ್ಲಿ ಇತ್ತು ಅಂದ ಹಾಗೆ. ಅದು ಒಳಗೆ ಇದ್ದದ್ದು ಒಂಬತ್ತೇ ವರ್ಷ. ನಡುವೆ ದುಡ್ಡು ಹೋದರೆ ಅಥವಾ ಬಂದರೆ ಸಿಎಜಿಆರ್ ಸೂತ್ರ ಸಾಲದು. ಅದಕ್ಕೆ ಎರಡು ತುದಿ ಮಾತ್ರ ಕಾಣುತ್ತದೆ. ಇಲ್ಲಿ ಎಕ್ಸೆಲ್‌ನ ಇನ್ನೊಂದು ಸೂತ್ರ ಬೇಕು. ಮೊದಲ ಕಾಲಂನಲ್ಲಿ ದಿನಾಂಕ, ಎರಡನೆಯದರಲ್ಲಿ ಮೊತ್ತ. ಕೈಯಿಂದ ಹೋದದ್ದಕ್ಕೆ ಮೈನಸ್ ಹಾಕಬೇಕು:

```
01-12-2006    -200000
01-12-2015     -90000
01-12-2024    1764000

=XIRR(B1:B3, A1:A3)
```

ಉತ್ತರ 11.9 ಪರ್ಸೆಂಟ್. ಮೈನಸ್ ಮರೆತರೆ ಉತ್ತರ ಬರುವುದಿಲ್ಲ, ದೋಷ ತೋರಿಸುತ್ತದೆ. ದಿನಾಂಕವನ್ನು ಎಕ್ಸೆಲ್ ದಿನಾಂಕ ಅಂತಲೇ ಗುರುತಿಸಿದೆಯಾ ಅನ್ನುವುದನ್ನೂ ನೋಡಿಕೊಳ್ಳಿ.

ಗೌಡ್ರ ತೋಟ

ಓಹೋ, ಈಗ ಅರ್ಥ ಆಯ್ತು ನೀವು ಏನು ಕೇಳುತ್ತಿದ್ದೀರಿ ಅಂತ. ನಂದೂ ಒಂದಿದೆ. ತಾತನ ಕಾಲದ 3 ಎಕರೆ ತೋಟ. ಈಗ ಎಕರೆಗೆ ಇಷ್ಟು ಅಂತ ಕೇಳುವವರು ಬರುತ್ತಿದ್ದಾರೆ. ವರ್ಷಕ್ಕೆ ಎಷ್ಟು ಬೆಳೆಯಿತು ಅಂತ ನೋಡೋಣ ಅಂದರೆ ಶುರುವಿನ ಬೆಲೆಯೇ ಇಲ್ಲ. ಸೊನ್ನೆ ಹಾಕಿದರೆ ಕ್ಯಾಲ್ಕುಲೇಟರ್ ಎರರ್ ಅನ್ನುತ್ತೆ.

ನಿವೃತ್ತ ಮೇಷ್ಟ್ರು ತಿಪಟೂರು

ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಗೌಡ್ರೇ. ತಾತನಿಗೆ ಅದು ಎಷ್ಟಕ್ಕೆ ಬಂತು ಅನ್ನುವುದು ಬೇಡ. ನಿಮ್ಮ ಹೆಸರಿಗೆ ಪಹಣಿ ಆದ ವರ್ಷ ನಿಮ್ಮೂರಲ್ಲಿ ಅಂಥ ತೋಟ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಶುರು ಅಂತ ಇಟ್ಟುಕೊಳ್ಳಿ. ಆದರೆ ತೋಟ ವರ್ಷಾ ವರ್ಷಾ ಫಸಲು ಕೊಟ್ಟಿದೆ. ಬರೀ ಜಮೀನಿನ ಬೆಲೆಯ ಏರಿಕೆ ನೋಡಿದರೆ ಅದು ಅರ್ಧ ಲೆಕ್ಕ. ಖಾಲಿ ಸೈಟಿನ ಜೊತೆ ಅದನ್ನು ಹೋಲಿಸಬೇಡಿ.

ದುಬೈ ಕನ್ನಡಿಗ

ಚಿನ್ನದ ಲೆಕ್ಕಕ್ಕೆ ನನ್ನದೂ ಒಂದು ಮಾತು. ನಾನು ಇಲ್ಲಿಗೆ ಬಂದದ್ದೂ 2006ರಲ್ಲೇ. ಆ ಡಿಸೆಂಬರ್‌ನಲ್ಲಿ ಇಲ್ಲಿ 24 ಕ್ಯಾರೆಟ್ ಗ್ರಾಂಗೆ ಸುಮಾರು 75 ದಿರ್ಹಂ. 2024ರ ಡಿಸೆಂಬರ್‌ನಲ್ಲಿ 316ರ ಆಸುಪಾಸು. ಅದೇ ಚಿನ್ನ, ಅದೇ 18 ವರ್ಷ. ನನ್ನ ದರ 8.3 ಪರ್ಸೆಂಟ್ ಅಷ್ಟೇ! ನಿಮ್ಮಲ್ಲಿ 12.6 ಹೇಗೆ?

ಯೋಚನೆ ಮಾಡಿದಾಗ ಹೊಳೆಯಿತು. ದಿರ್ಹಂ ಡಾಲರ್‌ಗೆ ಕಟ್ಟಿಹಾಕಿದ ದುಡ್ಡು. ಡಾಲರ್ ಆಗ 45 ರೂಪಾಯಿಯೊಳಗೆ ಇತ್ತು, 2024ರ ಕೊನೆಗೆ 85. ರೂಪಾಯಿ ಇಳಿದದ್ದೇ ವರ್ಷಕ್ಕೆ ಸುಮಾರು 3.6 ಪರ್ಸೆಂಟ್ ಕೊಡುತ್ತದೆ. 1.083ನ್ನು 1.036ರಿಂದ ಗುಣಿಸಿದರೆ 12.2 ಪರ್ಸೆಂಟ್. ಉಳಿದ ಚೂರು ಆಮದು ಸುಂಕದ್ದು. ಆಗ 10 ಗ್ರಾಂಗೆ 100 ರೂಪಾಯಿ ಇದ್ದದ್ದು 2024ರ ಡಿಸೆಂಬರ್‌ನಲ್ಲಿ 6 ಪರ್ಸೆಂಟ್ ಆಗಿತ್ತು.

ಹಾಗಾಗಿ ಊರಲ್ಲಿ "ಚಿನ್ನ 12.6ರಂತೆ ಬೆಳೆಯಿತು" ಅಂದಾಗ ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಚಿನ್ನದ ಏರಿಕೆಯೇ ಅಲ್ಲ, ರೂಪಾಯಿಯ ಇಳಿಕೆ. ಸೈಟಿಗೆ ಇಂಥ ಆಸರೆ ಇಲ್ಲ. ಅದರ ಬೆಲೆ ರಸ್ತೆ, ನೀರು, ಕಾಲೇಜು ಬಂತಾ ಅನ್ನುವುದರ ಮೇಲೆ.

ಅಕ್ಕಸಾಲಿ ಮನೆ ಹುಡುಗ

ಇದು ಅಂಗಡಿಯಲ್ಲಿ ಕೂತು ನಾನು ನೋಡಿದ್ದಕ್ಕೆ ಸರಿಹೊಂದುತ್ತೆ. 2012ರಲ್ಲಿ ವರ್ಷದ ಸರಾಸರಿ 10 ಗ್ರಾಂಗೆ 31 ಸಾವಿರ ಇತ್ತು. 2018ರಲ್ಲೂ 31 ಸಾವಿರ ಚಿಲ್ಲರೆ. ಆರು ವರ್ಷ, ಬೆಳವಣಿಗೆ ಸೊನ್ನೆ ಅಂತಲೇ ಹೇಳಬೇಕು. ಆಗ ಬಂದು "ಚಿನ್ನ ಸತ್ತುಹೋಯ್ತು ಕಣ್ರೀ" ಅಂದು ಮಾರಿಹೋದವರ ಮುಖ ನನಗೆ ಇನ್ನೂ ನೆನಪಿದೆ. ಆರೇ ವರ್ಷ ತಡೆದಿದ್ದರೆ 2024ರಲ್ಲಿ 78 ಸಾವಿರ. 2018ರಿಂದ ಎಣಿಸಿದರೆ ವರ್ಷಕ್ಕೆ 16ಕ್ಕಿಂತ ಜಾಸ್ತಿ. 2012ರಿಂದ ಎಣಿಸಿದರೆ 8 ಇಲ್ಲ. ಕೊನೆ ಒಂದೇ. ಶುರು ಎಲ್ಲಿಟ್ಟಿರಿ ಅನ್ನುವುದರ ಮೇಲೆ ಉತ್ತರ ಎರಡು ಪಟ್ಟು ಬದಲಾಗುತ್ತದೆ.

ಮಲೆನಾಡ ಮಗಳು

ಹಾಗಿದ್ದರೆ ಕೊನೆಯನ್ನು ಬದಲಿಸಿದರೂ ಹೀಗೇನಾ? ಚೀಟಿಯದು 2024ರ ಡಿಸೆಂಬರ್ ದರ. ಆಮೇಲೆ ಚಿನ್ನ ತುಂಬ ಏರಿತಲ್ಲ. 2025ರ ಅಕ್ಟೋಬರ್‌ನಲ್ಲಿ 24 ಕ್ಯಾರೆಟ್ 12,500ರ ಹತ್ತಿರ ಇತ್ತು.

ನಿವೃತ್ತ ಮೇಷ್ಟ್ರು ತಿಪಟೂರು

ನೋಡೋಣ. ಅದೇ 170.72 ಗ್ರಾಂ, 12,500 ದರ, 2 ಪರ್ಸೆಂಟ್ ಕಳೆ. ಸುಮಾರು 20.91 ಲಕ್ಷ ಆಗುತ್ತದೆ. ವರ್ಷ ಈಗ 18 ಅಲ್ಲ, 18 ವರ್ಷ 10 ತಿಂಗಳು, ಅಂದರೆ 18.83. ದರ 13.5 ಪರ್ಸೆಂಟ್.

18 ವರ್ಷ ನಡೆದು 11.2ಕ್ಕೆ ಬಂದದ್ದು ಹತ್ತೇ ತಿಂಗಳಲ್ಲಿ 13.5 ಆಯಿತು. ನಿಮ್ಮ ಒಡವೆ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಈ ಲೆಕ್ಕದಲ್ಲಿ ನನಗೆ ಯಾವಾಗಲೂ ಕಾಡುವುದು ಇದೇ. 13.5 ಅಂತ ಬರೆದ ಕೂಡಲೇ ಪ್ರತಿ ವರ್ಷ ನಿಧಾನವಾಗಿ 13.5ರಂತೆ ಏರಿತು ಅನ್ನಿಸಿಬಿಡುತ್ತದೆ. ನಡುವೆ ಆರು ವರ್ಷ ನಿಂತಲ್ಲೇ ನಿಂತಿತ್ತು ಅಂತ ಆ ಸಂಖ್ಯೆ ಹೇಳುವುದಿಲ್ಲ. ಮುಂದಿನ ವರ್ಷವೂ ಹೀಗೇ ಅಂತಲೂ ಹೇಳುವುದಿಲ್ಲ.

ಹೋಲಿಸುವುದಾದರೆ ಇಬ್ಬರದೂ ಒಂದೇ ದಿನಕ್ಕೆ ಹೋಲಿಸಿ. 2024ರ ಡಿಸೆಂಬರ್‌ನಲ್ಲಿ ಸೈಟು 11.9, ಒಡವೆ 11.2. ಅಣ್ಣ ಸೈಟು ಮಾರಿದ ಮೇಲೆ ಚಿನ್ನಕ್ಕೆ ಮಾತ್ರ ಇನ್ನೂ ಹತ್ತು ತಿಂಗಳು ಕೊಟ್ಟು ಗೆದ್ದೆ ಅನ್ನುವುದು ನ್ಯಾಯವಲ್ಲ.

ದುಬೈ ಕನ್ನಡಿಗ

ಮೇಷ್ಟ್ರೇ, ಪೂರ್ತಿ ಒಪ್ಪಲಾರೆ. ಅಣ್ಣ ಸೈಟು ಮಾರಿದ್ದು ಅವರ ತೀರ್ಮಾನ, ತಂಗಿ ಮಾರದೇ ಇದ್ದದ್ದು ಅವರ ತೀರ್ಮಾನ. ಚಿನ್ನವನ್ನು ಬೇಕಾದಾಗ ಮಾರಬಹುದು, ಬೇಡದಿದ್ದರೆ ಇಟ್ಟುಕೊಳ್ಳಬಹುದು. ಆ ಅನುಕೂಲಕ್ಕೂ ಬೆಲೆ ಇದೆ ಅಲ್ವಾ?

ಮೀನಾಕ್ಷಿ ಹಾಸನ

ನನಗೆ ಬೇರೆ ಒಂದು ಅನ್ನಿಸುತ್ತಿದೆ. ಮಜೂರಿ 23 ಸಾವಿರವನ್ನು ನಷ್ಟ ಅಂತ ಯಾಕೆ ಹಾಕುತ್ತೀರಿ? ಆ ಕಾಸಿನ ಸರವನ್ನು ಅವರು ಮದುವೆಯಲ್ಲಿ ಹಾಕಿಕೊಂಡರು, ಹಬ್ಬಕ್ಕೆ ಹಾಕಿಕೊಂಡರು. ಖಾಲಿ ಸೈಟನ್ನು ಯಾರೂ ಹಾಕಿಕೊಳ್ಳಲಿಲ್ಲ. ಮಜೂರಿ ಅನ್ನುವುದು ತೊಟ್ಟ ಖುಷಿಗೆ ಕೊಟ್ಟ ಬೆಲೆ. ಅದನ್ನು ಬೆಳವಣಿಗೆ ಲೆಕ್ಕದಿಂದ ಹೊರಗಿಡಬೇಕು.

ಅಕ್ಕಸಾಲಿ ಮನೆ ಹುಡುಗ

ಮಜೂರಿ ನಮ್ಮ ಕೈಕೆಲಸದ ದುಡ್ಡು ಅಂತ ನಾನೂ ಹಾಗೇ ಹೇಳಬೇಕು ಅಕ್ಕ. ಆದರೆ ಇಲ್ಲಿ ಪ್ರಶ್ನೆ ಮುಂದೆ ಮಗುವಿಗೆ ಏನು ತೆಗೆದಿಡಬೇಕು ಅನ್ನುವುದು. ತೊಡುವುದಕ್ಕೆ ಅಲ್ಲ, ಇಡುವುದಕ್ಕೆ ಅಂದರೆ ಮಜೂರಿ ಲೆಕ್ಕಕ್ಕೆ ಬರಲೇಬೇಕು. ಇಡುವುದಕ್ಕೇ ಆದರೆ ಹಾಲ್‌ಮಾರ್ಕ್ ಇರುವ ನಾಣ್ಯ ತಗೊಳ್ಳಿ. ಮಜೂರಿ ತೀರಾ ಕಡಿಮೆ, ಕಲ್ಲು ಅರಗು ಇಲ್ಲ.

ಮೀನಾಕ್ಷಿ ಹಾಸನ

ನಾಣ್ಯ ಬೇರೆ ಮಾತು. ಒಡವೆಯ ವಿಷಯದಲ್ಲಿ ನಾನು ಹೇಳಿದ್ದನ್ನು ಬಿಡುವುದಿಲ್ಲ.

ಮಲೆನಾಡ ಮಗಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಅಣ್ಣ, ಅತ್ತಿಗೆ, ನಾನು ಕೂತು ಎಲ್ಲವನ್ನೂ ಶೀಟಿನಲ್ಲಿ ಹಾಕಿದೆವು. ಅಣ್ಣನೇ ಒಂದು ಮಾತು ತೆಗೆದ: ವರ್ಷಾ ವರ್ಷಾ ಕಂದಾಯ ಕಟ್ಟಿದ್ದನ್ನು ಯಾರೂ ಕೇಳಲಿಲ್ಲ ಅಂತ. ರಸೀದಿಗಳನ್ನು ತೆಗೆದ. ಎಲ್ಲ ಸಿಗಲಿಲ್ಲ, ಸಿಕ್ಕವುಗಳ ಸರಾಸರಿ ವರ್ಷಕ್ಕೆ 600 ರೂಪಾಯಿ. ಅದನ್ನು 18 ಸಾಲಾಗಿ ಮೈನಸ್ ಹಾಕಿದಾಗ 11.9 ಇದ್ದದ್ದು 11.8 ಆಯಿತು. ಒಡವೆ ಬ್ಯಾಂಕ್ ಲಾಕರಿನಲ್ಲಿ ಇರಲಿಲ್ಲ, ಅಮ್ಮನ ಬೀರುವಿನಲ್ಲೇ ಇತ್ತು, ಹಾಗಾಗಿ ನನ್ನ ಕಡೆ ಕಳೆಯಲು ಏನೂ ಇರಲಿಲ್ಲ.

ಅತ್ತಿಗೆಗೆ ಇನ್ನೊಂದು ಅನುಮಾನ. ಟಚ್ 88 ಅನ್ನುವುದು ಎಲ್ಲ ಒಡವೆ ಸೇರಿಸಿ ನೋಡಿದ್ದೋ, ಬರೀ ಸರದ್ದೋ ಅಂತ. ನನ್ನ ಬಳೆಗಳಲ್ಲಿ ಬೆಸುಗೆ ಕಡಿಮೆ.

ಅಕ್ಕಸಾಲಿ ಮನೆ ಹುಡುಗ

ಒಂದೇ ಸಂಖ್ಯೆ ಬರೆದಿದ್ದಾರೆ ಅಂದರೆ ಹೆಚ್ಚಾಗಿ ಸರ ಒಂದನ್ನೇ ನೋಡಿ ಎಲ್ಲಕ್ಕೂ ಅದನ್ನೇ ಹಾಕಿರುತ್ತಾರೆ. ಬಳೆಗಳನ್ನು ಬೇರೆಯಾಗಿ ಮೆಷಿನ್‌ನಲ್ಲಿ ಟಚ್ ನೋಡಿಸಿ, ಎದುರಿಗೇ ಕೂತು ನೋಡಿ. 91 ಬಂದರೆ ನಿಮ್ಮ 11.2 ಸ್ವಲ್ಪ ಮೇಲೆ ಹೋಗುತ್ತದೆ. ಬಳೆಯ ತೂಕ ಎಷ್ಟು ಅಂತ ಇಲ್ಲಿ ಹಾಕಿ, ಮತ್ತೆ ಲೆಕ್ಕ ಹಾಕೋಣ.